ಈ ಗಡ್ಡ ಯಾರದು? ಮುಖ ಬದಲಿಸುವ ಕೆಲಸದಲ್ಲಿ ಮೀಸೆ, ಗಡ್ಡ ಮತ್ತು ಮೇಕಪ್

ಆರು ಸೆಕೆಂಡಿನ ಒಂದು ಶಾಟ್ ಇದೆ ಎಂದುಕೊಳ್ಳೋಣ. ಸೆಕೆಂಡಿಗೆ 24 ಫ್ರೇಮ್‌ನಂತೆ ಒಟ್ಟು 144 ಫ್ರೇಮ್. ಡೂಪ್ ಕಲಾವಿದರು ಗೋಡೆಯಿಂದ ಜಿಗಿದು, ಕ್ಯಾಮೆರಾದತ್ತ ತಿರುಗಿ, ಒಂದು ಮಾತು ಹೇಳಿ ಓಡಿಹೋಗುತ್ತಾರೆ. ಅವರ ಮುಖದ ಜಾಗದಲ್ಲಿ ನಾಯಕನಟರ ಮುಖ ಬರಬೇಕು. ಇಬ್ಬರೂ ಇದಕ್ಕೆ ಲಿಖಿತವಾಗಿ ಒಪ್ಪಿದ್ದಾರೆ, ನಾಯಕರ ಮುಖದ ಸಾವಿರಾರು ಫ್ರೇಮ್‌ಗಳು ಅದೇ ಚಿತ್ರದ ಉಳಿದ ದೃಶ್ಯಗಳಿಂದ ಸಿಗುತ್ತವೆ, ಇಬ್ಬರ ಮುಖದ ಅಗಲವೂ ಹೆಚ್ಚುಕಡಿಮೆ ಒಂದೇ. ಆದರೆ ನಾಯಕರಿಗೆ ದಪ್ಪ ಮೀಸೆಯೂ ನಾಲ್ಕೈದು ದಿನದ ಕುರುಚಲು ಗಡ್ಡವೂ ಇವೆ. ಮುಖ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ತೆಗೆದ ಶಾಟ್ ಆದ್ದರಿಂದ ಡೂಪ್ ಕಲಾವಿದರು ನುಣ್ಣಗೆ ಶೇವ್ ಮಾಡಿಕೊಂಡು, ಮೇಲೆ ತೆಳುವಾಗಿ ಫೌಂಡೇಶನ್ ಹಚ್ಚಿಸಿಕೊಂಡು ಬಂದಿದ್ದಾರೆ. ಎಡಿಟಿಂಗ್ ಮುಗಿಯುವ ಹೊತ್ತಿಗೆ ನಿರ್ದೇಶಕರಿಗೆ ಆ ಮುಖ ಬೇಕು ಅನ್ನಿಸುತ್ತದೆ, ಮತ್ತು ಶಾಟ್ ಮುಖ ಬದಲಿಸುವವರ ಮೇಜಿಗೆ ಬರುತ್ತದೆ.

ಮುಖ ಬದಲಿಸುವ ತಂತ್ರಾಂಶಗಳ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಕಣ್ಣು, ಮೂಗು, ಬೆಳಕು, ತಲೆಯ ಕೋನ ಇವುಗಳ ಸುತ್ತ ಸುಳಿಯುತ್ತವೆ. ನನ್ನ ಅನುಭವದಲ್ಲಿ ಶಾಟ್ ಕೆಡುವುದು ಅಲ್ಲಿಗಿಂತ ಹೆಚ್ಚಾಗಿ ಮೂಗಿನಿಂದ ಕೆಳಗೆ, ಇಬ್ಬರ ಗಡ್ಡ ಮೀಸೆ ಮೇಕಪ್ ಬೇರೆಬೇರೆ ಇದ್ದಾಗ. ಕಣ್ಣು ಯಾರದು ಎಂಬುದಕ್ಕೆ ಉತ್ತರ ಖಚಿತ, ನಾಯಕರದು. ಬೆಳಕು ಯಾರದು ಎಂಬುದಕ್ಕೂ ಉತ್ತರ ಖಚಿತ, ಅದು ಶಾಟ್‌ನದು. ಆದರೆ ಗಡ್ಡ ಯಾರದು? ಅದು ಮನುಷ್ಯನ ಗುರುತೂ ಹೌದು, ಆ ದಿನದ ವೇಷವೂ ಹೌದು. ಈ ಪ್ರಶ್ನೆಗೆ ಕೆಲಸ ಶುರುವಾಗುವ ಮೊದಲೇ ಮನುಷ್ಯರು ಉತ್ತರ ಕೊಡದಿದ್ದರೆ, ಯಂತ್ರವು ಪ್ರತಿ ಫ್ರೇಮಿಗೂ ಬೇರೆಬೇರೆ ಉತ್ತರ ಕೊಡುತ್ತಾ ಹೋಗುತ್ತದೆ.

ಹಾಗೇಕೆ ಆಗುತ್ತದೆ ಎಂದು ತಿಳಿಯಲು ಒಳಗಿನ ಕೆಲಸವನ್ನು ಸ್ವಲ್ಪ ನೋಡಬೇಕು. ಡೀಪ್‌ಫೇಸ್‌ಲ್ಯಾಬ್‌ನಂತಹ ತಂತ್ರಾಂಶಗಳಲ್ಲಿ ಎರಡು ಮುಖಗಳನ್ನೂ ಒಂದೇ ಎನ್‌ಕೋಡರ್ ಓದುತ್ತದೆ ಮತ್ತು ಪ್ರತಿಯೊಂದು ಮುಖವನ್ನೂ ಚಿಕ್ಕ ಸಂಕೇತಗಳ ಗುಚ್ಛವಾಗಿ ಕುಗ್ಗಿಸುತ್ತದೆ. ಆ ಗುಚ್ಛದಿಂದ ಮುಖವನ್ನು ಮರಳಿ ಬಿಡಿಸಲು ಎರಡು ಡೀಕೋಡರ್‌ಗಳಿರುತ್ತವೆ. ಒಂದು ನಾಯಕರ ಮುಖವನ್ನು ಮಾತ್ರ ಬಿಡಿಸಲು ಕಲಿತದ್ದು, ಇನ್ನೊಂದು ಡೂಪ್ ಕಲಾವಿದರ ಮುಖವನ್ನು ಮಾತ್ರ. ಕಲಿಕೆ ಮುಗಿದ ಮೇಲೆ ಡೂಪ್ ಮುಖದ ಸಂಕೇತವನ್ನು ನಾಯಕರ ಡೀಕೋಡರಿಗೆ ಕೊಟ್ಟರೆ, ಡೂಪ್‌ನ ನೋಟ ಮತ್ತು ಭಾವದಲ್ಲಿ ನಾಯಕರ ಮುಖ ಹೊರಬರುತ್ತದೆ. ಇಲ್ಲಿ ಎಲ್ಲಿಯೂ ಗಡ್ಡಕ್ಕೆಂದು ಪ್ರತ್ಯೇಕ ಕಪಾಟು ಇಲ್ಲ. ನಾಯಕರ ಎಲ್ಲಾ ಚಿತ್ರಗಳಲ್ಲೂ ಗಡ್ಡವಿದ್ದರೆ, ಅವರ ಡೀಕೋಡರಿಗೆ ಗಡ್ಡವೆಂಬುದು ಮೂಗಿನಷ್ಟೇ ಖಾಯಂ ಆದ ಅಂಗ, ಹಾಗಾಗಿ ಡೂಪ್ ಮುಖ ಎಷ್ಟೇ ನುಣ್ಣಗಿದ್ದರೂ ಅದು ಗಡ್ಡ ಬಿಡಿಸುತ್ತದೆ. ತಿರುಗುಮುರುಗಾಗಿ, ಗಡ್ಡವನ್ನೇ ಕಾಣದ ಡೀಕೋಡರಿಗೆ ಗಡ್ಡದ ಮುಖದ ಸಂಕೇತ ಕೊಟ್ಟರೆ, ಆ ಕಪ್ಪನ್ನು ಅದು ತನಗೆ ಗೊತ್ತಿರುವ ಯಾವುದಾದರೂ ಕಪ್ಪಾಗಿ ಅರ್ಥಮಾಡಿಕೊಳ್ಳುತ್ತದೆ. ಹೆಚ್ಚಾಗಿ ಅದು ನೆರಳೆಂದು ತಿಳಿದು, ಕೆಳದುಟಿಯ ಕೆಳಗೆ ಮತ್ತು ದವಡೆಯ ಅಂಚಿನಲ್ಲಿ ಮಸಿ ಸವರಿದಂತಹ ಕಲೆಯನ್ನು ಬಿಡುತ್ತದೆ.

ಒಂದೇ ಫೋಟೊ ಕೊಟ್ಟರೆ ಸಾಕು ಎನ್ನುವ ತಂತ್ರಾಂಶಗಳ ದಾರಿ ಬೇರೆ. ಅವು ಮುಖ ಗುರುತಿಸುವ ಜಾಲದಿಂದ 512 ಸಂಖ್ಯೆಗಳ ಒಂದು ಸಾಲನ್ನು ಪಡೆದು, ಅದನ್ನೇ ವ್ಯಕ್ತಿಯ ಗುರುತೆಂದು ಹಿಡಿಯುತ್ತವೆ. ಒಬ್ಬ ಮನುಷ್ಯ ಗಡ್ಡ ಬಿಟ್ಟರೂ ತೆಗೆದರೂ ಅದೇ ಮನುಷ್ಯನೆಂದು ಹೇಳುವುದೇ ಗುರುತಿಸುವ ಜಾಲದ ಕೆಲಸವಾದ್ದರಿಂದ, ಆ ಸಂಖ್ಯೆಗಳಲ್ಲಿ ಗಡ್ಡದ ಸುದ್ದಿ ಬಹಳ ಕಡಿಮೆ ಉಳಿದಿರುತ್ತದೆ. ಹೀಗಾಗಿ ಗಡ್ಡ ಬಹುಪಾಲು ಡೂಪ್‌ನದೇ ಉಳಿಯುತ್ತದೆ, ಆದರೆ ಪೂರ್ತಿ ಉಳಿಯುವುದಿಲ್ಲ. ಒಂದು ಕೋನದಲ್ಲಿ ಇದ್ದು ಇನ್ನೊಂದು ಕೋನದಲ್ಲಿ ಮಾಸುತ್ತದೆ. ಜೊತೆಗೆ, ಇಂತಹ ತಂತ್ರಾಂಶಗಳು ಬಳಸುವ, ಮುಖ ಬಿಡಿಸಲು ಕಲಿತ `inswapper_128` ಎಂಬ ಮಾದರಿಯ ಹೆಸರೇ ಹೇಳುವಂತೆ ಅದು ಬಿಡಿಸುವ ಮುಖ 128 ಪಿಕ್ಸೆಲ್ ಅಗಲದ್ದು. ದೊಡ್ಡ ಪರದೆಯ ಗಡ್ಡದ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ, ಆದ್ದರಿಂದ ಮೊದಲನೆಯ ದಾರಿಯನ್ನೇ ಹಿಡಿದು ಮುಂದುವರಿಯುತ್ತೇನೆ.

ಯಂತ್ರಕ್ಕೆ ಗಡ್ಡದ ಅರಿವು ಇಷ್ಟು ಕಡಿಮೆ ಇರಲು ಇನ್ನೊಂದು ಕಾರಣವಿದೆ. ಮುಖದ ಭಾಗಗಳನ್ನು ಬೇರ್ಪಡಿಸುವ ಎಷ್ಟೋ ಸಾಧನಗಳು ಕಲಿತಿರುವುದು ಸೆಲೆಬ್‌ಎಮಾಸ್ಕ್-ಎಚ್‌ಕ್ಯೂ ಎಂಬ ಸಂಗ್ರಹದಿಂದ. ಅದರಲ್ಲಿ 30,000 ಮುಖಗಳ ಪ್ರತಿಯೊಂದು ಭಾಗವನ್ನೂ ಕೈಯಲ್ಲಿ ಗುರುತು ಹಾಕಿ 19 ವರ್ಗಗಳಾಗಿ ಬಿಡಿಸಿದ್ದಾರೆ. ಚರ್ಮ, ಮೂಗು, ಹುಬ್ಬು, ತುಟಿ, ತಲೆಗೂದಲು, ಟೋಪಿ, ಕನ್ನಡಕ, ಕಿವಿಯೋಲೆ, ಕೊರಳ ಸರ ಎಲ್ಲಕ್ಕೂ ಅಲ್ಲಿ ವರ್ಗವಿದೆ, ಗಡ್ಡಕ್ಕೂ ಮೀಸೆಗೂ ಇಲ್ಲ. ಕಿವಿಯೋಲೆಯನ್ನು ಚರ್ಮದಿಂದ ಬೇರೆಯೆಂದು ತಿಳಿಯುವ ಯಂತ್ರ, ಎದೆಯವರೆಗೆ ಇಳಿದ ಗಡ್ಡವನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಒಮ್ಮೆ ಚರ್ಮವೆಂದೂ ಒಮ್ಮೆ ಕೂದಲೆಂದೂ ಕರೆಯುತ್ತದೆ. ಈ ಸಂಗ್ರಹದ ಮೂಲವಾದ ಸೆಲೆಬ್‌ಎ ಸಂಗ್ರಹದಲ್ಲಿ `Mustache`, `Goatee`, `No_Beard`, `5_o_Clock_Shadow` ಎಂಬ ಪಟ್ಟಿಗಳಿವೆ ನಿಜ, ಆದರೆ ಅವು ಇದೆಯೋ ಇಲ್ಲವೋ ಎಂದು ಹೇಳುತ್ತವೆಯೇ ಹೊರತು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದಿಲ್ಲ. ಗಡ್ಡದ ಗಡಿಯನ್ನು ಗುರುತಿಸುವ ಕೆಲಸ ಇವತ್ತಿಗೂ ಬಹುಮಟ್ಟಿಗೆ ಕೈಕೆಲಸವೇ.

ಈಗ ನಮ್ಮ ಶಾಟ್‌ಗೆ ಬರೋಣ. ಕಲಿಕೆ ಮುಗಿದು ಮುಖ ಹೊರಬಂದಿದೆ, ಮೀಸೆ ಗಡ್ಡ ಸಹಿತ. ಅದನ್ನು ಡೂಪ್ ದೇಹದ ಮೇಲೆ ಕೂರಿಸುವಾಗ ಮೊದಲು ಮಾಡುವುದು ಬಣ್ಣ ಹೊಂದಿಸುವುದು. ಇದಕ್ಕೆ ತಂತ್ರಾಂಶದ ಪರದೆಯಲ್ಲಿ `rct` ಎಂದು ಕಾಣುವ ಆಯ್ಕೆಯನ್ನು ಬಹಳ ಮಂದಿ ಕಣ್ಣುಮುಚ್ಚಿ ಒತ್ತುತ್ತಾರೆ. ಇದು 2001ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಒಂದು ಚಿತ್ರದ ಬೆಳಕಿನ ಮತ್ತು ಬಣ್ಣದ ಸರಾಸರಿಯನ್ನೂ ಆ ಸರಾಸರಿಯ ಸುತ್ತಲಿನ ಹರಡಿಕೆಯನ್ನೂ ಇನ್ನೊಂದರ ಸರಾಸರಿಗೆ, ಹರಡಿಕೆಗೆ ಸರಿಹೊಂದಿಸುವುದು ಇದರ ತಿರುಳು. ಎರಡೂ ಮುಖಗಳಲ್ಲಿ ಒಂದೇ ಬಗೆಯ ವಸ್ತುಗಳು ಒಂದೇ ಪ್ರಮಾಣದಲ್ಲಿದ್ದರೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಒಂದರಲ್ಲಿ ಗಡ್ಡವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕಹಾಕಿಯೇ ನೋಡಬೇಕು.

ಬೆಳಕನ್ನು 0ಯಿಂದ 100ರ ಅಳತೆಯಲ್ಲಿ ಹಿಡಿಯೋಣ. ನಾಯಕರ ಮುಖದ ನೂರರಲ್ಲಿ 70 ಭಾಗ ಚರ್ಮ, ಅದರ ಸರಾಸರಿ ಬೆಳಕು 60. ಉಳಿದ 30 ಭಾಗ ಗಡ್ಡ ಮೀಸೆ, ಅದರ ಸರಾಸರಿ 22. ಎರಡೂ ಸೇರಿದರೆ ಇಡೀ ಮುಖದ ಸರಾಸರಿ ಸುಮಾರು 49ಕ್ಕೆ ಇಳಿಯುತ್ತದೆ. ಚರ್ಮದೊಳಗಿನ ಏರಿಳಿತ 6ರಷ್ಟೇ ಇದ್ದರೂ, ಚರ್ಮಕ್ಕೂ ಗಡ್ಡಕ್ಕೂ ನಡುವಿನ ಅಂತರದಿಂದಾಗಿ ಇಡೀ ಮುಖದ ಹರಡಿಕೆ 18ರ ಆಸುಪಾಸಿಗೆ ಹೋಗುತ್ತದೆ. ಡೂಪ್‌ನದು ಬರೀ ಚರ್ಮ, ಸರಾಸರಿ 62, ಹರಡಿಕೆ 8. ಈಗ `rct` ಒತ್ತಿದರೆ ಯಂತ್ರ 49ನ್ನು 62ಕ್ಕೆ ಎತ್ತುತ್ತದೆ, 18ನ್ನು 8ಕ್ಕೆ ಹಿಂಡುತ್ತದೆ. ಫಲಿತಾಂಶವಾಗಿ 60 ಇದ್ದ ಚರ್ಮ 67ಕ್ಕೆ ಏರಿ, ಕಿವಿ ಮತ್ತು ಕುತ್ತಿಗೆಗಿಂತ ಬಿಳುಚಿಕೊಳ್ಳುತ್ತದೆ. 22 ಇದ್ದ ಗಡ್ಡ 50ಕ್ಕೆ ಏರಿ ಬೂದಿ ಮೆತ್ತಿದ ಹಾಗಾಗುತ್ತದೆ. ಚರ್ಮದೊಳಗಿನ 6ರ ಏರಿಳಿತ 3ಕ್ಕಿಂತ ಕೆಳಗಿಳಿದು ಕೆನ್ನೆ ಮೇಣದ ಹಾಗೆ ಚಪ್ಪಟೆಯಾಗುತ್ತದೆ. ಮುಖ ಪ್ಲಾಸ್ಟಿಕ್ಕಿನಂತಿದೆ ಎಂದು ನಿರ್ದೇಶಕರು ಹೇಳಿದಾಗ ಇನ್ನೂ ಎರಡು ದಿನ ಕಲಿಸೋಣ ಎಂದು ಉತ್ತರಿಸುವುದು ರೂಢಿ. ಆದರೆ ತಪ್ಪಿರುವುದು ಕಲಿಕೆಯಲ್ಲಲ್ಲ, ಗಡ್ಡವನ್ನೂ ಚರ್ಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಲ್ಲಿ.

ಇದಕ್ಕೆ ಪರಿಹಾರ ಸರಳ, ಆದರೆ ಕೈಯಿಂದ ಮಾಡಬೇಕು. ಇಬ್ಬರ ಮುಖದಲ್ಲೂ ಕೂದಲು ಬಾರದ ಜಾಗಗಳನ್ನು, ಅಂದರೆ ಹಣೆ, ಮೂಗಿನ ಸೇತುವೆ ಮತ್ತು ಕಣ್ಣಿನ ಕೆಳಗಿನ ಕೆನ್ನೆಯನ್ನು, ಚಿತ್ರದ ಬೇಕಾದ ಭಾಗವನ್ನಷ್ಟೇ ಬೇರ್ಪಡಿಸುವ ಮಾಸ್ಕ್‌ನಿಂದ ಆರಿಸಿ, ಅಳತೆಯನ್ನು ಅಲ್ಲಿಂದ ಮಾತ್ರ ತೆಗೆದುಕೊಳ್ಳಬೇಕು. ಹಾಗೆ ತೆಗೆದರೆ ಬೇಕಾದ ತಿದ್ದುಪಡಿ 60ರಿಂದ 62, ಎರಡೇ ಅಂಕ. ಆ ಎರಡು ಅಂಕವನ್ನು ಇಡೀ ಮುಖಕ್ಕೆ ಕೂಡಿಸಿದರೆ ಗಡ್ಡ 24ರಲ್ಲಿ ನಿಲ್ಲುತ್ತದೆ, ಕಪ್ಪಾಗಿಯೇ ಉಳಿಯುತ್ತದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಸರಾಸರಿಯನ್ನು ಮಾತ್ರ ಹೊಂದಿಸಬೇಕು, ಹರಡಿಕೆಯನ್ನಲ್ಲ. ಚರ್ಮದ ಹರಡಿಕೆಯನ್ನು 6ರಿಂದ 8ಕ್ಕೆ ಹಿಗ್ಗಿಸಿ ಅದೇ ಹಿಗ್ಗನ್ನು ಗಡ್ಡಕ್ಕೂ ಹಾಕಿದರೆ, 22ರ ಗಡ್ಡ 11ಕ್ಕೆ ಕುಸಿದು ಇದ್ದಿಲಿನ ತುಂಡಿನಂತೆ ಕಾಣುತ್ತದೆ.

ಬಣ್ಣ ಹೊಂದಿತು ಎಂದ ಮೇಲೆ ಅಂಚಿನ ಪ್ರಶ್ನೆ ಬರುತ್ತದೆ. ಮುಖ ಬದಲಿಸುವ ಮಾಸ್ಕ್ ಸಾಮಾನ್ಯವಾಗಿ ಹುಬ್ಬಿನ ಮೇಲಿನಿಂದ ಗದ್ದದ ತುದಿಯವರೆಗೆ ಇರುತ್ತದೆ ಮತ್ತು ಅದರ ಅಂಚನ್ನು ಮಸುಕುಗೊಳಿಸಿ ಕೆಳಗಿನ ಚಿತ್ರದಲ್ಲಿ ಕರಗಿಸುತ್ತಾರೆ. ಚರ್ಮದಿಂದ ಚರ್ಮಕ್ಕೆ ಕರಗುವಾಗ ಇದು ಕಾಣುವುದೇ ಇಲ್ಲ. ಆದರೆ ಗಡ್ಡ ಗದ್ದದ ತುದಿಗೆ ನಿಲ್ಲುವ ವಸ್ತುವಲ್ಲ; ಅದು ದವಡೆಯ ಕೆಳಗೆ ಇಳಿದು ಗಂಟಲಿನ ಗಂಟಿನವರೆಗೂ ಹೋಗುತ್ತದೆ, ಮೇಲೆ ಕಿವಿಯ ಮುಂದಿನ ಕೂದಲಿಗೆ ಸೇರುತ್ತದೆ. ನಮ್ಮ ಶಾಟ್‌ನಲ್ಲಿ ನಾಯಕರ ಕುರುಚಲು ಗಡ್ಡ ದವಡೆಯ ಅಂಚಿನಲ್ಲಿ ಕರಗಿ, ಅಲ್ಲಿಂದ ಕೆಳಗೆ ಡೂಪ್‌ನ ನುಣುಪಾದ ಕುತ್ತಿಗೆ ಶುರುವಾಗುತ್ತದೆ. ನಿಂತ ಚಿತ್ರದಲ್ಲಿ ಇದನ್ನು ಒಪ್ಪಬಹುದು, ಕುತ್ತಿಗೆಯನ್ನು ಶೇವ್ ಮಾಡಿಕೊಂಡಿದ್ದಾರೆ ಎಂದುಕೊಳ್ಳಬಹುದು. ಡೂಪ್ ತಲೆ ಎತ್ತಿದ ಕೂಡಲೇ ಬಣ್ಣ ಬಯಲಾಗುತ್ತದೆ: ಗಡ್ಡದ ಗಡಿ ಚರ್ಮಕ್ಕೆ ಅಂಟಿಕೊಂಡಿರದೆ ದವಡೆಯ ರೇಖೆಗೆ ಅಂಟಿಕೊಂಡಿರುತ್ತದೆ, ತಲೆ ಎತ್ತಿದಂತೆ ಗಡ್ಡವೂ ಮೇಲಕ್ಕೆ ಜಾರುತ್ತದೆ. ನಿಜವಾದ ಗಡ್ಡ ಹಾಗೆ ಜಾರುವುದಿಲ್ಲ, ತಲೆ ಎತ್ತಿದಾಗ ಅದರ ಕೆಳಭಾಗ ಇನ್ನಷ್ಟು ಕಾಣಿಸುತ್ತದೆ.

ಅಲ್ಲಿಗೆ ಕೂದಲಿನ ಗಾತ್ರದ ವಿಷಯವೂ ಸೇರುತ್ತದೆ. ಗಡ್ಡದ ಒಂದು ಕೂದಲು ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಮುಖದ ಅಗಲ ಸುಮಾರು 150 ಮಿಲಿಮೀಟರ್ ಎಂದುಕೊಂಡು ಅದನ್ನು 256 ಪಿಕ್ಸೆಲ್‌ಗಳಲ್ಲಿ ಬಿಡಿಸುವ ಮಾದರಿಯನ್ನು ಬಳಸಿದರೆ, ಒಂದೊಂದು ಪಿಕ್ಸೆಲ್ ಸುಮಾರು 0.6 ಮಿಲಿಮೀಟರ್, ಅಂದರೆ ಆರು ಕೂದಲಿನಷ್ಟು ಅಗಲ. ಇಂತಹ ಮಾದರಿ ಕೂದಲನ್ನು ಬಿಡಿಸಲಾರದು, ಕೂದಲಿನ ಬಣ್ಣವನ್ನಷ್ಟೇ ಸವರಬಲ್ಲದು. ಅದರ ಮೇಲೆ, ಪ್ರತಿ ಫ್ರೇಮನ್ನೂ ಅದು ಹೊಸದಾಗಿ ಬಿಡಿಸುವುದರಿಂದ ಆ ಸವರಿಕೆಯೂ ಒಂದೇ ಕಡೆ ನಿಲ್ಲದೆ ಫ್ರೇಮಿನಿಂದ ಫ್ರೇಮಿಗೆ ಅಲುಗಾಡುತ್ತದೆ. ನಾವು ಇದನ್ನು ಗಡ್ಡ ಹರಿದಾಡುತ್ತಿದೆ ಎನ್ನುತ್ತೇವೆ. ಕೆನ್ನೆಯ ಮೇಲೆ ಇರುವೆ ಸಾಲು ಹೊರಟ ಹಾಗೆ ಅದು ಕಾಣುತ್ತದೆ.

ಈ ಎರಡೂ ತೊಂದರೆಗಳ ಎದುರು ನಾನು ಕಂಡುಕೊಂಡಿರುವ ನಂಬಲರ್ಹ ದಾರಿ, ಮುಖವನ್ನೂ ಗಡ್ಡವನ್ನೂ ಬೇರೆಬೇರೆ ಪದರಗಳಾಗಿ ಮಾಡುವುದು. ಮಾದರಿಯಿಂದ ಕಣ್ಣು, ಮೂಗು, ಕೆನ್ನೆ, ತುಟಿ ಇಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಕುರುಚಲು ಗಡ್ಡವನ್ನು ನಾಯಕರ ದವಡೆ ಮತ್ತು ಕುತ್ತಿಗೆಯ ನಿಜವಾದ ಫೋಟೊಗಳಿಂದ ಎತ್ತಿ, ನ್ಯೂಕ್‌ನಂತಹ ಕಾಂಪೋಸಿಟಿಂಗ್ ತಂತ್ರಾಂಶದಲ್ಲಿ ಡೂಪ್‌ನ ಚರ್ಮದ ಚಲನೆಗೆ ಕಟ್ಟಿ, ದವಡೆಯ ಅಂಚನ್ನು ದಾಟಿಸಿ ಕುತ್ತಿಗೆಯವರೆಗೆ ಇಳಿಸಬೇಕು. ಆಗ ಗಡ್ಡದ ಒಂದೊಂದು ಚುಕ್ಕೆಯೂ ಡೂಪ್‌ನ ಚರ್ಮಕ್ಕೆ ಅಂಟಿಕೊಂಡು ಅದರ ಜೊತೆಗೇ ಚಲಿಸುತ್ತದೆ. ನಮ್ಮ 144 ಫ್ರೇಮ್‌ಗಳಲ್ಲಿ ಮುಖ ತೆರೆದು ಕಾಣುವುದು ಎಪ್ಪತ್ತರಲ್ಲಿ ಎಂದುಕೊಂಡರೆ, ನೇರ ನೋಟಕ್ಕೊಂದು, ತಿರುಗಿದ ನೋಟಕ್ಕೊಂದು, ತಲೆ ಎತ್ತಿದ ನೋಟಕ್ಕೊಂದು ಹೀಗೆ ಮೂರು ಗಡ್ಡದ ಚಿತ್ರಗಳು ಸಾಕಾಗುತ್ತವೆ. ಮೀಸೆಗೆ ಮಾತ್ರ ಇದು ಸಾಲದು, ಏಕೆಂದರೆ ದಪ್ಪ ಮೀಸೆ ಚರ್ಮದ ಮೇಲಿನ ಬಣ್ಣವಲ್ಲ, ಎದ್ದು ನಿಂತ ವಸ್ತು. ಅದಕ್ಕೆ ತನ್ನದೇ ನೆರಳಿದೆ ಮತ್ತು ಅದು ಮೇಲ್ದುಟಿಯ ಅಂಚನ್ನು ಮುಚ್ಚುತ್ತದೆ. ಮೀಸೆಯನ್ನು ಮಾದರಿಯಿಂದಲೇ ತೆಗೆದುಕೊಂಡು, ಅದರ ಮೇಲೆ ಕೂದಲಿನ ವಿವರವನ್ನು ಫೋಟೊದಿಂದ ಕೂಡಿಸುವುದು ವಾಸಿ.

ಇದರ ತಿರುಗುಮುರುಗು ಪ್ರಕರಣ, ಅಂದರೆ ಡೂಪ್‌ಗೆ ಗಡ್ಡವಿದ್ದು ನಾಯಕರಿಗೆ ಇಲ್ಲದಿರುವುದು, ಇನ್ನೂ ಕಷ್ಟದ್ದು. ನಮ್ಮಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಇದು ಪ್ರತಿವರ್ಷ ಎದುರಾಗುತ್ತದೆ. ಅಯ್ಯಪ್ಪ ಮಾಲೆ ಹಾಕಿದವರು 41 ದಿನಗಳ ವ್ರತದಲ್ಲಿ ಗಡ್ಡ ತೆಗೆಯುವುದಿಲ್ಲ, ಮತ್ತು ಸೆಟ್‌ನಲ್ಲಿ ಮಾಲಾಧಾರಿಗಳಿಲ್ಲದ ವರ್ಷವೇ ಇರುವುದಿಲ್ಲ. ಶೇವ್ ಮಾಡಿಕೊಂಡು ಬನ್ನಿ ಸ್ವಾಮಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಇಲ್ಲಿ ಕೂದಲನ್ನು ಸೇರಿಸುವ ಬದಲು, ಕೂದಲಿನ ಹಿಂದೆ ಏನಿತ್ತೆಂದು ಕಲ್ಪಿಸಿಕೊಂಡು ಬಿಡಿಸಬೇಕು. ಮಾಸ್ಕ್‌ನ ಒಳಗಿನ ಗಡ್ಡವನ್ನು ನಾಯಕರ ನುಣುಪಾದ ಮುಖ ಮುಚ್ಚಿಹಾಕುತ್ತದೆ. ಹೊರಗೆ ಚಾಚಿದ ಗಡ್ಡ, ಅಂದರೆ ಕುತ್ತಿಗೆಯ ಮೇಲಿನದ್ದು, ಕಾಲರಿನ ಮೇಲೆ ಬಿದ್ದದ್ದು, ಪಕ್ಕಕ್ಕೆ ತಿರುಗಿದಾಗ ಹಿನ್ನೆಲೆಯ ಆಕಾಶಕ್ಕೆ ಎದುರಾಗಿ ಕಾಣುವ ಕೂದಲು, ಹಾಗೆಯೇ ಉಳಿಯುತ್ತದೆ. ಮೊದಲು ಕಾಲರ್, ಕುತ್ತಿಗೆ ಮತ್ತು ಹಿನ್ನೆಲೆಯನ್ನು ಪೇಂಟ್ ಮಾಡಿ ಶುದ್ಧಗೊಳಿಸಿ, ಆಮೇಲೆ ಮುಖ ಕೂರಿಸಬೇಕು. ಕ್ರಮ ಹಿಂದುಮುಂದಾದರೆ ಹೊಸ ದವಡೆಯ ಸುತ್ತ ಹಳೆಯ ಗಡ್ಡದ ರೋಮಗಳು ಪ್ರಭಾವಳಿಯಂತೆ ಉಳಿದುಬಿಡುತ್ತವೆ. ಒಂದಿಂಚಿಗಿಂತ ಉದ್ದದ ಗಡ್ಡವಾದರೆ ಈ ಪೇಂಟ್ ಕೆಲಸವೇ ಮುಖ ಬದಲಿಸುವ ಕೆಲಸಕ್ಕಿಂತ ಹೆಚ್ಚು ದಿನ ತಿನ್ನುತ್ತದೆ. ಅಂತಹ ಶಾಟನ್ನು ಒಪ್ಪಿಕೊಳ್ಳುವ ಬದಲು ಮತ್ತೆ ತೆಗೆಯಿರಿ ಎಂದು ಹೇಳುವುದೇ ಪ್ರಾಮಾಣಿಕ ಸಲಹೆ.

ಮೀಸೆಯನ್ನು ತೆಗೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆಯೊಂದಿದೆ. 2017ರಲ್ಲಿ ‘ಜಸ್ಟಿಸ್ ಲೀಗ್’ ಚಿತ್ರದ ಕೆಲವು ದೃಶ್ಯಗಳನ್ನು ಮತ್ತೆ ಚಿತ್ರೀಕರಿಸುವ ಹೊತ್ತಿಗೆ, ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಅವರು ‘ಮಿಷನ್: ಇಂಪಾಸಿಬಲ್’ ಸರಣಿಯ ಚಿತ್ರಕ್ಕಾಗಿ ದಪ್ಪ ಮೀಸೆ ಬಿಟ್ಟಿದ್ದರು. ಆ ಚಿತ್ರದ ಸ್ಟುಡಿಯೊ ಪ್ಯಾರಾಮೌಂಟ್ ಮೀಸೆ ಬೋಳಿಸಲು ಒಪ್ಪಲಿಲ್ಲ. ಮೀಸೆ ಇಟ್ಟುಕೊಂಡೇ ನಟಿಸಿ, ನಂತರ ಕಂಪ್ಯೂಟರಿನಲ್ಲಿ ಅದನ್ನು ಅಳಿಸಲಾಯಿತು. ಚಿತ್ರದ ಮೊದಲ ದೃಶ್ಯದಲ್ಲೇ ಅವರ ಮೇಲ್ದುಟಿ ಏನೋ ಸರಿಯಿಲ್ಲ ಎಂದು ಸಾಮಾನ್ಯ ಪ್ರೇಕ್ಷಕರಿಗೂ ಅನ್ನಿಸಿತು. ಹಣಕ್ಕಾಗಲಿ ನುರಿತವರಿಗಾಗಲಿ ಅಲ್ಲಿ ಕೊರತೆ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಮೇಲ್ದುಟಿ ಇಷ್ಟು ಹಟ ಮಾಡುವುದೇಕೆ? ದಪ್ಪ ಮೀಸೆಯ ಹಿಂದೆ ಮೂಗಿನಿಂದ ತುಟಿಗೆ ಇಳಿಯುವ ಸಣ್ಣ ಕಾಲುವೆ, ಅದರ ಎರಡು ಬದಿಯ ಏಣುಗಳು, ತುಟಿಯ ಮೇಲಂಚಿನ ಬಿಲ್ಲಿನಾಕಾರ ಇವೆಲ್ಲ ಅಡಗಿರುತ್ತವೆ. ಮಾತಾಡುವಾಗ ಇವು ಸುಮ್ಮನಿರುವುದಿಲ್ಲ. ಶಾಲೆಯಲ್ಲಿ ಓಷ್ಠ್ಯಗಳೆಂದು ಕಲಿತ ಪ, ಬ, ಮ ಅಕ್ಷರಗಳನ್ನು ಕನ್ನಡಿಯ ಮುಂದೆ ನಿಧಾನವಾಗಿ ಹೇಳಿ ನೋಡಿ: ತುಟಿಗಳು ಒತ್ತಿಕೊಂಡಾಗ ಮೂಗಿನ ಕೆಳಗಿನ ಚರ್ಮ ಕೆಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತದೆ, ಕಾಲುವೆ ಬಹುಮಟ್ಟಿಗೆ ಮಾಯವಾಗುತ್ತದೆ, ತುಟಿ ಬಿಟ್ಟ ಕ್ಷಣ ಮರಳಿ ಮೂಡುತ್ತದೆ. ಮೀಸೆ ಇದನ್ನೆಲ್ಲ ಮುಚ್ಚಿರುವುದರಿಂದ, ಅಳಿಸುವವರು ಮುಚ್ಚಿದ ಭಾಗದ ಚಲನೆಯನ್ನೂ ಊಹಿಸಬೇಕು. ಊಹೆ ಸ್ವಲ್ಪ ಹಿಂದೆ ಬಿದ್ದರೂ ತುಟಿಯ ಮೇಲಿನ ಚರ್ಮ ಮರಗಟ್ಟಿದ ಹಾಗೆ, ದಂತವೈದ್ಯರ ಸೂಜಿಯ ಅಮಲು ಇಳಿಯದವರ ಹಾಗೆ ಕಾಣುತ್ತದೆ. ಆದ್ದರಿಂದ ಮೀಸೆ ತೆಗೆದ ಯಾವುದೇ ಶಾಟನ್ನು ಪರೀಕ್ಷಿಸುವಾಗ ನಾನು ಮೊದಲು ನೋಡುವುದು ಸಂಭಾಷಣೆಯ ಹಾಳೆಯನ್ನು. ಅದರಲ್ಲಿ ಪ, ಬ, ಮ ಎಲ್ಲೆಲ್ಲಿ ಬರುತ್ತವೆ ಎಂದು ಗುರುತು ಹಾಕಿ, ಆ ಫ್ರೇಮ್‌ಗಳಿಗೆ ನೇರವಾಗಿ ಹೋಗುತ್ತೇನೆ. ಅಲ್ಲಿ ಸರಿಯಿದ್ದರೆ ಉಳಿದೆಡೆ ಬಹುತೇಕ ಸರಿಯೇ ಇರುತ್ತದೆ.

ಮೇಕಪ್‌ನ ಕಥೆ ಬೇರೆ ಬಗೆಯದು. ಗಡ್ಡದಂತೆ ಅದು ಆಕಾರ ಬದಲಿಸುವುದಿಲ್ಲ, ಬಣ್ಣ ಮತ್ತು ಹೊಳಪು ಬದಲಿಸುತ್ತದೆ. ತೊಂದರೆ ಹೆಚ್ಚಾಗಿ ಕಲಿಕೆಯ ಚಿತ್ರಗಳಲ್ಲೇ ಇರುತ್ತದೆ. ಒಬ್ಬ ನಟಿಯ ಮುಖಕ್ಕಾಗಿ ನಾವು ಒಮ್ಮೆ ಚಿತ್ರಗಳನ್ನು ಕೂಡಿಸಿದಾಗ, ಮನೆಯ ದೃಶ್ಯಗಳಲ್ಲಿ ಮೇಕಪ್ ತೀರಾ ತೆಳುವಾಗಿತ್ತು, ಮದುವೆಯ ದೃಶ್ಯದಲ್ಲಿ ಕಣ್ಣಿಗೆ ದಪ್ಪ ಕಾಡಿಗೆ ಇತ್ತು. ಮದುವೆಯ ದೃಶ್ಯದಲ್ಲಿ ಅವರು ತಲೆ ತಗ್ಗಿಸಿ ಕಣ್ಣು ಮುಚ್ಚಿ ಕೂತಿರುವ ಶಾಟ್ ಉದ್ದವಾಗಿದ್ದರಿಂದ, ನಮ್ಮಲ್ಲಿದ್ದ ಕಣ್ಣು ಮುಚ್ಚಿದ ಚಿತ್ರಗಳು ಬಹುಪಾಲು ಅಲ್ಲಿಂದಲೇ ಬಂದಿದ್ದವು. ಕಲಿಕೆ ಮುಗಿದು ಓಡಿಸಿ ನೋಡಿದರೆ, ಮುಖ ಮೇಕಪ್ ಇಲ್ಲದಂತೆ ಸಹಜವಾಗಿದೆ, ಆದರೆ ರೆಪ್ಪೆ ಬಡಿದಾಗಲೆಲ್ಲ ಕಾಡಿಗೆ ಮಿಂಚಿ ಮಾಯವಾಗುತ್ತಿತ್ತು. ಮುಚ್ಚಿದ ಕಣ್ಣು ಅಂದರೆ ಕಾಡಿಗೆಯ ಕಣ್ಣು ಎಂದು ಮಾದರಿ ಕಲಿತುಬಿಟ್ಟಿತ್ತು. ಪುರುಷರ ಮುಖದಲ್ಲಿ ಇದೇ ತಪ್ಪು, ಪಕ್ಕಕ್ಕೆ ತಿರುಗಿದಾಗ ಮಾತ್ರ ಗಡ್ಡ ಬೆಳೆಯುವ ರೂಪದಲ್ಲಿ ಬರುತ್ತದೆ. ಒಂದೇ ದಿನದ ಒಂದೇ ವೇಷದ ಎರಡು ಸಾವಿರ ಚಿತ್ರಗಳು, ಹತ್ತು ವೇಷಗಳಿಂದ ಕೂಡಿಸಿದ ಹತ್ತು ಸಾವಿರ ಚಿತ್ರಗಳಿಗಿಂತ ಮೇಲು ಎಂದು ನಾನು ಈಗ ಗಟ್ಟಿಯಾಗಿ ನಂಬುತ್ತೇನೆ. ಬೇರೆ ವೇಷದ ಚಿತ್ರಗಳು ಬೇಕೇಬೇಕಾದರೆ, ಪ್ರತಿ ವೇಷದಲ್ಲೂ ಮುಚ್ಚಿದ ಕಣ್ಣು, ತೆರೆದ ಬಾಯಿ, ಎರಡೂ ಪಕ್ಕದ ನೋಟ ಇವೆಯೇ ಎಂದು ಎಣಿಸಿ ನೋಡಿಯೇ ಸೇರಿಸಬೇಕು.

ಫೌಂಡೇಶನ್‌ನದು ಇನ್ನೂ ಸೂಕ್ಷ್ಮ. ಮೇಕಪ್ ಇಲ್ಲದ ಮುಖದಲ್ಲಿ ಮೂಗಿನ ತುದಿ ಮತ್ತು ಕೆನ್ನೆ ತುಸು ಕೆಂಪಗೆ, ಕಣ್ಣಿನ ಕೆಳಗೆ ಕಪ್ಪಗೆ, ಹಣೆ ಎಣ್ಣೆಯ ಹೊಳಪಿನಲ್ಲಿರುತ್ತದೆ. ಫೌಂಡೇಶನ್ ಮತ್ತು ಪೌಡರ್ ಈ ಭೇದಗಳನ್ನೆಲ್ಲ ಅಳಿಸುತ್ತವೆ. ಮೇಕಪ್ ಹಾಕಿದ ಮುಖವನ್ನು, ಜಿಗಿದು ಬೆವರಿದ ಡೂಪ್ ದೇಹದ ಮೇಲೆ ಕೂರಿಸಿದರೆ, ಕಿವಿಯೂ ಕುತ್ತಿಗೆಯೂ ಬೆವರಿನಿಂದ ಹೊಳೆಯುತ್ತಿದ್ದು ಮುಖ ಮಾತ್ರ ಒಣಗಿದಂತಿರುತ್ತದೆ. ಹೊಳಪು ಯಾವಾಗಲೂ ಶಾಟ್‌ಗೆ ಸೇರಿದ್ದು. ಡೂಪ್‌ನ ಹಣೆ ಮತ್ತು ಮೂಗಿನ ಮೇಲಿನ ಹೊಳಪನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಹೊಸ ಮುಖದ ಮೇಲೆ ಮತ್ತೆ ಕೂಡಿಸುವುದು ಇದಕ್ಕೆ ಮದ್ದು. ಲಿಪ್‌ಸ್ಟಿಕ್‌ಗೆ ತುಟಿಯನ್ನಷ್ಟೇ ಮಾಸ್ಕ್ ಮಾಡಿ ಬಣ್ಣ ಹೊಂದಿಸಿದರೆ ಸಾಕು. 2018ರಲ್ಲಿ ಬಂದ ಬ್ಯೂಟಿಗ್ಯಾನ್ ಎಂಬ ಮಾದರಿಯೂ ತುಟಿ, ಕಣ್ಣಿನ ಸುತ್ತ, ಉಳಿದ ಮುಖ ಎಂದು ಮೂರು ಪಾಲು ಮಾಡಿ ಒಂದೊಂದರ ಬಣ್ಣವನ್ನು ಬೇರೆಬೇರೆಯಾಗಿಯೇ ಹೊಂದಿಸುತ್ತದೆ. ಹಣೆಯ ಬೊಟ್ಟು, ವಿಭೂತಿ, ನಾಮಗಳನ್ನು ಮಾದರಿಗೆ ಬಿಡಲೇಬಾರದು. ಅವುಗಳನ್ನು ಕಲಿಕೆಯಲ್ಲಿ ಮಾಸ್ಕ್‌ನಿಂದ ಹೊರಗಿಟ್ಟು, ಕೊನೆಯಲ್ಲಿ ಪಾತ್ರಕ್ಕೆ ತಕ್ಕಂತೆ ಕೈಯಲ್ಲಿ ಇಡುವುದು ಐದು ನಿಮಿಷದ ಕೆಲಸ. ಮಾದರಿ ಬಿಡಿಸಿದ ಮಸುಕು ಬೊಟ್ಟನ್ನು ಅಳಿಸುವುದು ಅರ್ಧ ದಿನದ ಕೆಲಸ.

ಇನ್ನೂ ಒಂದು ಅಂಚಿದೆ, ಅಲ್ಲಿ ಈ ಯಾವುದೂ ನಡೆಯುವುದಿಲ್ಲ. ಯಕ್ಷಗಾನದ ರಾಕ್ಷಸ ವೇಷದಲ್ಲಿ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿಯ ಮುಂದೆ, ಮುಖದ ಮೇಲೆ 68 ಬಿಂದುಗಳನ್ನು ಗುರುತಿಸುವ ಸಾಮಾನ್ಯ ಸಾಧನ ಹುಬ್ಬು ಯಾವುದು ದವಡೆ ಯಾವುದು ಎಂದು ತಿಳಿಯದೆ ದಿಕ್ಕುಗೆಡುತ್ತದೆ. ಮುಖದ ಸ್ಥಾನವೇ ಸಿಗದಿದ್ದ ಮೇಲೆ ಬದಲಿಸುವ ಮಾತೇ ಇಲ್ಲ. ಅಂತಹ ಬಣ್ಣಗಾರಿಕೆಯಲ್ಲಿ ಮುಖವೇ ವೇಷವಾಗಿರುವುದರಿಂದ ಇನ್ನೊಬ್ಬ ಕಲಾವಿದರಿಗೆ ಅದೇ ವೇಷ ಕಟ್ಟುವುದೇ ಸರಿಯಾದ ಉತ್ತರ, ಮತ್ತು ಮೇಳಗಳು ಮಾಡುತ್ತಾ ಬಂದಿರುವುದೂ ಅದನ್ನೇ.

ಒಪ್ಪಿಗೆಯ ವಿಷಯದಲ್ಲೂ ಗಡ್ಡವನ್ನು ಮರೆಯುವುದೇ ಹೆಚ್ಚು. ಮುಖ ಬಳಸಲು ಒಪ್ಪಿದ್ದೇನೆ ಎಂಬ ಒಂದು ಸಾಲಿನ ಪತ್ರ, ಆ ಮುಖದ ಗಡ್ಡ ತೆಗೆಯಲು ಅಥವಾ ಅದಕ್ಕೆ ಮೇಕಪ್ ಹಾಕಲು ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಒಬ್ಬ ಸಿಖ್ಖರಿಗೆ ತಮ್ಮ ಕೇಶ ಏನೆಂಬುದನ್ನು ಬಲ್ಲವರು, ಅವರ ಗಡ್ಡವನ್ನು ಪರದೆಯ ಮೇಲೆ ಅಳಿಸುವ ಮುನ್ನ ಕೇಳದೆ ಮುಂದುವರಿಯಲಾರರು. ಯಾವ ವೇಷದಲ್ಲಿ, ಗಡ್ಡ ಮೀಸೆ ಎಷ್ಟಿರುವಂತೆ ಎಂಬುದನ್ನು ಪತ್ರದಲ್ಲಿ ಒಂದು ಫೋಟೊ ಸಹಿತ ಬರೆಸಿಕೊಂಡರೆ, ಕಲಾವಿದರಿಗೂ ಗೌರವ, ಕೆಲಸ ಮಾಡುವವರಿಗೂ ಅದೇ ಆಧಾರಚಿತ್ರವಾಗುತ್ತದೆ.

ನಮ್ಮ ಆರು ಸೆಕೆಂಡಿನ ಶಾಟ್‌ಗೆ ನಿಜವಾಗಿ ಬೇಕಾಗಿದ್ದದ್ದು ಮಾತ್ರ ಇದೆಲ್ಲಕ್ಕಿಂತ ಅಗ್ಗದ್ದು. ಮುಖ ಕಾಣುತ್ತದೋ ಇಲ್ಲವೋ ಎಂದು ಯೋಚಿಸದೆ, ಡೂಪ್ ಕಲಾವಿದರಿಗೆ ಬಲೆಯ ಬಟ್ಟೆಯ ಮೇಲೆ ಹೆಣೆದ ಮೀಸೆಯೊಂದನ್ನು ಸ್ಪಿರಿಟ್ ಗಮ್‌ನಿಂದ ಅಂಟಿಸಿ, ದವಡೆಗೂ ಕುತ್ತಿಗೆಗೂ ಒರಟು ಸ್ಪಂಜಿನಿಂದ ಕುರುಚಲು ಗಡ್ಡದ ಬಣ್ಣ ತಟ್ಟಿಸಿದ್ದರೆ ಮೇಕಪ್‌ನವರಿಗೆ ಅದು ಅರ್ಧ ಗಂಟೆಯ ಕೆಲಸವಾಗುತ್ತಿತ್ತು. ಆಗ ಗಡ್ಡದ ಗಡಿ, ನೆರಳು, ಬೆವರಿನ ಹೊಳಪು ಎಲ್ಲವೂ ಕ್ಯಾಮೆರಾದಲ್ಲೇ ಬಂದು, ಮಾದರಿಗೆ ಕಣ್ಣು ಮೂಗು ಬಿಡಿಸುವ ಕೆಲಸವಷ್ಟೇ ಉಳಿಯುತ್ತಿತ್ತು. ಇನ್ನೊಂದು ಹತ್ತು ನಿಮಿಷವನ್ನು ನಾನು ಪ್ರತಿ ನಿರ್ಮಾಪಕರಲ್ಲೂ ಕೇಳುತ್ತೇನೆ. ಚಿತ್ರೀಕರಣದ ಕೊನೆಯ ದಿನ ನಾಯಕರು ಗಡ್ಡ ಮೀಸೆ ತೆಗೆಯುವ ಮುನ್ನ, ಮೋಡದ ದಿನದಂತಹ ಸಮ ಬೆಳಕಿನಲ್ಲಿ ಅವರನ್ನು ಕೂರಿಸಿ, ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ತೆರೆದು, ಪ ಫ ಬ ಭ ಮ ಎಂದು ಓದಿಸಿ ಚಿತ್ರೀಕರಿಸಬೇಕು. ಅವರು ಶೇವ್ ಮಾಡಿಕೊಂಡು ಹೊರಬಂದ ಮೇಲೆ ಅದನ್ನೇ ಇನ್ನೊಮ್ಮೆ ಮಾಡಿಸಬೇಕು. ಮೀಸೆಯ ಹಿಂದೆ ಏನಿತ್ತು ಎಂಬುದಕ್ಕೆ ಆ ಎರಡನೆಯ ಚಿತ್ರಿಕೆಗಿಂತ ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ.